ಕೊನೆಯ ನಾಲ್ಕು ಸೆಕೆಂಡಿನ ಪ್ರಶ್ನೆ

ಬಸ್ಸಾರಿನ ಐವತ್ತು ಸೆಕೆಂಡಿನ ವಿಡಿಯೊ ಒಂದನ್ನು ಊಹಿಸಿಕೊಳ್ಳಿ. ಸೊಪ್ಪು, ಕಾಳು ಬೇಯುತ್ತವೆ, ಕಟ್ಟು ಬಸಿಯುತ್ತಾರೆ, ಮಸಾಲೆ ರುಬ್ಬಿ ಕುದಿಸುತ್ತಾರೆ. ಎಲ್ಲವೂ ಚೆನ್ನಾಗಿದೆ. ಕೊನೆಗೆ ಮಾತ್ರ ಎಲ್ಲರೂ ಹೇಳುವ ಮಾತೇ ಬರುತ್ತದೆ: "ಹೇಗಿತ್ತು ಅಂತ ಕಮೆಂಟ್ ಮಾಡಿ, ಲೈಕ್ ಮಾಡಿ, ಶೇರ್ ಮಾಡಿ." ಅದಕ್ಕೆ ತಕ್ಕ ಉತ್ತರವೂ ಸಿಗುತ್ತದೆ: ಒಂದಿಷ್ಟು "ಸೂಪರ್", ಒಂದಿಷ್ಟು ಕೈಮುಗಿದ ಇಮೋಜಿ.

ನೋಡುವವರನ್ನು ದೂರಿ ಪ್ರಯೋಜನವಿಲ್ಲ. "ಹೇಗಿತ್ತು" ಎಂದು ಕೇಳಿದರೆ ಅವರು ಮಾಡಬಹುದಾದದ್ದು ಹೊಗಳುವುದೊಂದೇ. ತಮ್ಮದು ಎಂದು ಹೇಳಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಉತ್ತರ ಬರಬೇಕಾದರೆ, ವಿಡಿಯೊ ಮಾಡಿದವರು ಅಡುಗೆಯ ನಡುವೆ ಎಲ್ಲಿ ಒಂದು ಆಯ್ಕೆ ಮಾಡಿಕೊಂಡರೋ ಅಲ್ಲಿಂದ ಪ್ರಶ್ನೆ ಹುಟ್ಟಬೇಕು. ಬಸ್ಸಾರಿನಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ಹೆಸರುಕಾಳೋ ಅಲಸಂದೆಯೋ, ದಂಟಿನ ಸೊಪ್ಪೋ ಸಬ್ಬಸಿಗೆಯೋ, ಹುಳಿಗೆ ಏನು, ಸಾರು ತೀರಾ ನೀರಾಗದಂತೆ ಮಸಾಲೆಗೆ ಏನು ಸೇರಿಸಬೇಕು, ಹೀಗೆ ಮನೆಯಿಂದ ಮನೆಗೆ ಬೇರೆ. ಎಲ್ಲವನ್ನೂ ಕೇಳಬಾರದು, ಒಂದನ್ನೇ ಹಿಡಿಯಬೇಕು. "ನಾವು ಮಸಾಲೆಗೆ ಒಂದು ಹಿಡಿ ಬೆಂದ ಕಾಳು ಹಾಕಿ ರುಬ್ತೀವಿ. ನಿಮ್ಮ ಮನೇಲಿ ಸಾರು ಮಂದ ಆಗೋಕೆ ಏನ್ ಹಾಕ್ತೀರ?"

ಈ ಪ್ರಶ್ನೆಯಲ್ಲಿ ಕೇಳುವವರು ಮೊದಲು ತಮ್ಮ ಉತ್ತರ ಕೊಟ್ಟಿದ್ದಾರೆ. ಹಾಗಾಗಿ ನೋಡುವವರಿಗೆ ಪರೀಕ್ಷೆಗೆ ಕೂತಂತೆ ಅನ್ನಿಸುವುದಿಲ್ಲ. ಒಮ್ಮೆಯಾದರೂ ಬಸ್ಸಾರು ಮಾಡಿದವರು ಐದಾರು ಪದಗಳಲ್ಲಿ ಉತ್ತರಿಸಬಹುದು, ಮತ್ತು ಯಾರ ಉತ್ತರವೂ ತಪ್ಪಲ್ಲ. "ಹುಣಸೆಯೋ ಟೊಮೆಟೊವೋ" ಎಂದು ಎರಡೇ ದಾರಿ ಕೊಟ್ಟರೆ ಕಮೆಂಟುಗಳ ಸಂಖ್ಯೆ ಏರಬಹುದು, ಆದರೆ ಒಂದೊಂದು ಪದದಲ್ಲೇ ಮುಗಿದುಹೋಗುತ್ತವೆ. "ಏನ್ ಹಾಕ್ತೀರ" ಎಂದಾಗ ಅಜ್ಜಿ, ಊರು, ಜಗಳ ಎಲ್ಲವೂ ಜೊತೆಗೆ ಬರುತ್ತವೆ.

ಪ್ರಶ್ನೆ ಎಷ್ಟೇ ಒಳ್ಳೆಯದಿರಲಿ, ಅದು ಜನರ ಕಿವಿಗೆ ಬೀಳಬೇಕಲ್ಲ. "ಹಾಗಾದ್ರೆ ಸ್ನೇಹಿತರೇ" ಎಂದು ರಾಗ ತೆಗೆದ ಕೂಡಲೇ ವಿಡಿಯೊ ಮುಗಿಯಿತೆಂದು ಜನರಿಗೆ ಗೊತ್ತಾಗುತ್ತದೆ, ಬೆರಳು ಪರದೆಯನ್ನು ಮೇಲೆ ತಳ್ಳುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಎಷ್ಟು ಜನ ಎಲ್ಲಿಯವರೆಗೆ ನೋಡಿದರೆಂದು ತೋರಿಸುವ ಗೆರೆ ಅಲ್ಲಿಯೇ ಕುಸಿದಿದ್ದರೆ ಕಾರಣ ಇದೇ ಇರಬಹುದು. ಸಾರು ಇನ್ನೂ ಕುದಿಯುತ್ತಿರುವಾಗಲೇ, ಸೌಟು ಆಡುತ್ತಿರುವಾಗಲೇ ಕೇಳಿಬಿಡಿ. ಮೂರು ನಾಲ್ಕು ಸೆಕೆಂಡು ಸಾಕು. ಪ್ರಶ್ನೆಯನ್ನು ಪರದೆಯ ಮೇಲೂ ಬರೆಯಿರಿ, ಆದರೆ ಅಡಿಯಲ್ಲಿ ಬೇಡ. ಅಲ್ಲಿ ಶೀರ್ಷಿಕೆ, ಬಲಗಡೆ ಬಟನ್ನುಗಳು ಅಕ್ಷರಗಳನ್ನು ಮುಚ್ಚುತ್ತವೆ. ಶಾರ್ಟ್ಸ್ ಮುಗಿದೊಡನೆ ಮತ್ತೆ ಮೊದಲಿನಿಂದ ಶುರುವಾಗುವುದರಿಂದ, ಅದೇ ಪ್ರಶ್ನೆಯನ್ನು ನೀವೇ ಕಮೆಂಟಾಗಿ ಬರೆದು ಪಿನ್ ಮಾಡುವುದು ಒಳ್ಳೆಯದು.

ಅಡ್ಡದಾರಿಗಳೂ ಇವೆ, ಅವನ್ನು ಹೆಸರಿಟ್ಟೇ ಹೇಳಬೇಕು. ಬೇಕೆಂದೇ ಒಂದು ತಪ್ಪು ಮಾಡಿ ತಿದ್ದುವವರನ್ನು ಕರೆಯುವುದು, ಅಳತೆಯನ್ನು ಮುಚ್ಚಿಟ್ಟು "ರೆಸಿಪಿ ಬೇಕಿದ್ರೆ 'ಬೇಕು' ಅಂತ ಬರೀರಿ" ಎನ್ನುವುದು, "ನಿಜವಾದ ಕನ್ನಡಿಗರಾದ್ರೆ ಕಮೆಂಟ್ ಮಾಡಿ" ಎಂದು ಅಭಿಮಾನವನ್ನು ಕೆಣಕುವುದು. ಲೈಕ್, ಶೇರ್, ಟ್ಯಾಗ್, ಕಮೆಂಟ್‌ಗಾಗಿ ಹೀಗೆ ಜನರನ್ನು ಎಳೆಯುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಪ್ರಕಟಿಸಿತ್ತು. ಸಹಾಯ, ಸಲಹೆ ಅಥವಾ ಶಿಫಾರಸು ಕೇಳುವ ಪೋಸ್ಟ್‌ಗಳಿಗೆ ಇದರಿಂದ ತೊಂದರೆಯಿಲ್ಲವೆಂದೂ ಹೇಳಿತ್ತು. ಬಸ್ಸಾರಿನ ಪ್ರಶ್ನೆ ಈ ಎರಡನೆಯ ಗುಂಪಿಗೆ ಸೇರುತ್ತದೆ. ಕಂಪನಿಯ ನಿಯಮ ಹಾಗಿರಲಿ, ಅಳತೆ ಬಚ್ಚಿಟ್ಟವರ ಅಡುಗೆಯನ್ನು ಜನ ಎರಡನೆಯ ಸಲ ನಂಬುವುದು ಕಷ್ಟ.

ಪ್ರಶ್ನೆ ಫಲಿಸಿತೇ ಎಂದು ತಿಳಿಯಲು ಕಮೆಂಟುಗಳನ್ನು ಎಣಿಸಬೇಡಿ, ಓದಿ. ಇದೇ ಕಮೆಂಟನ್ನು ಬೇರೆ ಯಾವ ವಿಡಿಯೊದ ಕೆಳಗೆ ಹಾಕಿದರೂ ಒಪ್ಪುತ್ತದೆಯೇ? ಹಾಗಿದ್ದರೆ ಪ್ರಶ್ನೆ ಸಡಿಲವಾಗಿತ್ತು. ಒಬ್ಬರು "ನಾವು ಹುರಿಗಡಲೆ ಹಾಕ್ತೀವಿ" ಎಂದಾಗ ಇನ್ನೊಬ್ಬರು "ಹುರಿಗಡಲೆ ಹಾಕಿದ್ರೆ ಕಟ್ಟಿನ ರುಚಿ ಹೋಗಲ್ವಾ?" ಎಂದು ಅವರಿಗೇ ಕೇಳಿದ್ದರೆ ಪ್ರಶ್ನೆ ಗೆದ್ದಿದೆ. ಎಲ್ಲ ವಿಡಿಯೊಗೂ ಇಂಥ ಪ್ರಶ್ನೆ ಒದಗುವುದಿಲ್ಲ. ಪ್ಯಾನ್ ಕಾರ್ಡಿಗೆ ಆಧಾರ್ ಜೋಡಿಸುವ ಕ್ರಮವನ್ನು ತೋರಿಸುವ ವಿಡಿಯೊದಲ್ಲಿ ಮನೆಗೊಂದು ರೀತಿ ಇರುವುದಿಲ್ಲ. ಅಲ್ಲಿ "ಯಾವ ಹಂತದಲ್ಲಿ ನಿಂತುಹೋಯ್ತು?" ಎಂದು ಕೇಳಬಹುದು, ಅದೂ ಬಂದ ಉತ್ತರಗಳಿಗೆ ಪರಿಹಾರ ಹೇಳುವಷ್ಟು ಪುರುಸೊತ್ತು ಇದ್ದರೆ ಮಾತ್ರ. ಇಲ್ಲವಾದರೆ ಏನೂ ಕೇಳದೆ ಮುಗಿಸಿ.

ಕೇಳಿದ ಮೇಲೆ ಉತ್ತರಿಸಲೇಬೇಕು. ಯಾರಾದರೂ ಹುರಿಗಡಲೆಯ ಬಸ್ಸಾರು ಹೇಳಿಕೊಟ್ಟರೆ, ಅದನ್ನು ಮಾಡಿ ನೋಡಿ, ಮುಂದಿನ ವಿಡಿಯೊವನ್ನು ಆ ಕಮೆಂಟಿನಿಂದಲೇ ಶುರು ಮಾಡಿ.