ವಾಲ್ವ್ ಬಿಗಿಯುವ ಬದಲು ವೇಗ ತಗ್ಗಿಸಿದರೆ ಉಳಿಯುವ ಕರೆಂಟ್ ಎಷ್ಟು?

ಕಾರ್ಖಾನೆಯ ಸಂಪಿನಿಂದ 20 ಮೀಟರ್ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಸೆಂಟ್ರಿಫ್ಯೂಗಲ್ ಪಂಪ್ ಇದೆ ಎಂದುಕೊಳ್ಳೋಣ. ಡೆಲಿವರಿ ವಾಲ್ವನ್ನು ಪೂರ್ತಿ ತೆರೆದರೆ ಗಂಟೆಗೆ 200 ಘನಮೀಟರ್ ನೀರು ಹೋಗುತ್ತದೆ. ಆದರೆ ಹೆಚ್ಚಿನ ಹೊತ್ತು ಬೇಕಾಗುವುದು 140 ಮಾತ್ರ. ಮೋಟಾರಿಗಿರುವುದು ಒಂದೇ ವೇಗ, ನಿಮಿಷಕ್ಕೆ 1,480 ಸುತ್ತು. ಆದ್ದರಿಂದ ಆಪರೇಟರ್ ವಾಲ್ವನ್ನು ಅಷ್ಟಿಷ್ಟು ಮುಚ್ಚಿ ನೀರನ್ನು ಹಿಡಿತಕ್ಕೆ ತರುತ್ತಾನೆ. ಪಂಪ್ ಪೂರ್ತಿ ವೇಗದಲ್ಲೇ ತಿರುಗುತ್ತಿರುತ್ತದೆ. ಅದು ಹುಟ್ಟಿಸಿದ ಒತ್ತಡದ ಒಂದು ಪಾಲು ವಾಲ್ವಿನಲ್ಲೇ ಕರಗಿಹೋಗುತ್ತದೆ.

ಮೋಟಾರಿನ ವೇಗವನ್ನೇ ಬದಲಿಸುವ ವಿಎಫ್‌ಡಿ ಅಳವಡಿಸಿದರೆ ಈ ನಷ್ಟ ತಪ್ಪುತ್ತದೆ. ಎಷ್ಟು ತಪ್ಪುತ್ತದೆ ಎಂದು ಅಂದಾಜಿಸಲು ಅಫಿನಿಟಿ ನಿಯಮಗಳಿವೆ. ವೇಗ ತಗ್ಗಿದಷ್ಟೇ ಪ್ರಮಾಣದಲ್ಲಿ ನೀರಿನ ಹರಿವು ತಗ್ಗುತ್ತದೆ, ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಶೇ. 70 ಆದರೆ ಶಕ್ತಿ 0.7 × 0.7 × 0.7, ಅಂದರೆ ಶೇ. 34ರಷ್ಟೇ ಸಾಕು.

ಅನೇಕರು ಇಲ್ಲಿಗೇ ಲೆಕ್ಕ ಮುಗಿಸಿಬಿಡುತ್ತಾರೆ. ನಮ್ಮ ಪಂಪಿಗೆ ಪೂರ್ತಿ ಹರಿವಿನಲ್ಲಿ ಶಾಫ್ಟಿನ ಮೇಲೆ 29 ಕಿಲೋವಾಟ್ ಬೇಕು, ಹರಿವು ಶೇ. 70ಕ್ಕಿಳಿದರೆ 10 ಸಾಕು. ಹಾಗಾದರೆ ಉಳಿತಾಯ 19 ಕಿಲೋವಾಟ್ ಎನ್ನುತ್ತಾರೆ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಹೋಲಿಕೆಯ ತಪ್ಪು. ಈಗ ಓಡುತ್ತಿರುವುದು ವಾಲ್ವ್ ಮುಚ್ಚಿದ ಪಂಪ್, ಪೂರ್ತಿ ಹರಿವಿನ ಪಂಪ್ ಅಲ್ಲ. ವಾಲ್ವ್ ಮುಚ್ಚಿದಾಗಲೂ ಶಕ್ತಿ ಒಂದಿಷ್ಟು ತಗ್ಗಿರುತ್ತದೆ. ಪಂಪ್ ತಯಾರಕರು ಕೊಡುವ ಕರ್ವ್ ನೋಡಿದರೆ 140 ಘನಮೀಟರಿನಲ್ಲಿ ನಮ್ಮ ಪಂಪ್ 45.1 ಮೀಟರ್ ಹೆಡ್ ಕೊಡುತ್ತದೆ, ದಕ್ಷತೆ ಶೇ. 70. ಹರಿವನ್ನು ಹೆಡ್‌ನಿಂದ ಗುಣಿಸಿ 367ರಿಂದ ಭಾಗಿಸಿದರೆ ನೀರಿಗೆ ಸೇರುವ ಕಿಲೋವಾಟ್ ಸಿಗುತ್ತದೆ. ಅದನ್ನು ದಕ್ಷತೆಯಿಂದ ಭಾಗಿಸಿದರೆ ಶಾಫ್ಟಿನ ಮೇಲೆ 24.6 ಕಿಲೋವಾಟ್. ನಮ್ಮ ಹೋಲಿಕೆ ಇಲ್ಲಿಂದ ಶುರುವಾಗಬೇಕು, 29ರಿಂದಲ್ಲ.

ಎರಡನೆಯ ತಪ್ಪು ದೊಡ್ಡದು. ನೀರು ಎಷ್ಟೇ ನಿಧಾನ ಹರಿಯಲಿ, 20 ಮೀಟರ್ ಏರಲೇಬೇಕು. ವೇಗ ತಗ್ಗಿಸಿದರೆ ಪೈಪಿನೊಳಗಿನ ಘರ್ಷಣೆ ಕಡಿಮೆಯಾಗುತ್ತದೆಯೇ ಹೊರತು ಈ ಸ್ಟ್ಯಾಟಿಕ್ ಹೆಡ್ ಇಳಿಯುವುದಿಲ್ಲ. 200 ಘನಮೀಟರಿನಲ್ಲಿ ಘರ್ಷಣೆ ಇನ್ನೊಂದು 20 ಮೀಟರ್ ಇದ್ದರೆ, 140ರಲ್ಲಿ ಅದು 9.8ಕ್ಕೆ ಇಳಿಯುತ್ತದೆ. ಒಟ್ಟು ಬೇಕಾದ ಹೆಡ್ 29.8 ಮೀಟರ್. ಶೇ. 70 ವೇಗದಲ್ಲಿ ಈ ಪಂಪಿಗೆ 140 ಘನಮೀಟರನ್ನು ಅಷ್ಟು ಎತ್ತರಕ್ಕೆ ತಳ್ಳಲಾಗದು. ಪಂಪ್ ಕರ್ವನ್ನು ಅಫಿನಿಟಿ ನಿಯಮದಂತೆ ಹಂತಹಂತವಾಗಿ ಕೆಳಗಿಳಿಸುತ್ತ, ಅದು ಈ ಬಿಂದುವನ್ನು ಹಾದುಹೋಗುವ ವೇಗವನ್ನು ಹುಡುಕಬೇಕು. ನಮಗೆ ಸಿಗುವುದು ಶೇ. 83, ಅಂದರೆ ಸುಮಾರು 1,233 ಸುತ್ತು. ಅಲ್ಲಿ ದಕ್ಷತೆ ಶೇ. 74 ಎಂದಿಟ್ಟರೆ ಶಾಫ್ಟಿನ ಮೇಲೆ 15.4 ಕಿಲೋವಾಟ್.

ಹಾಗಾಗಿ ಶಾಫ್ಟಿನ ಮೇಲಿನ ನಿಜವಾದ ಉಳಿತಾಯ 9.2 ಕಿಲೋವಾಟ್. ಮೊದಲು ಹೇಳಿದ 19ರ ಅರ್ಧಕ್ಕೂ ಕಡಿಮೆ.

ಬಿಲ್ಲಿಗೆ ಬರುವುದು ಮೋಟಾರು ಎಳೆಯುವ ಕರೆಂಟ್. ಈಗಿನ ಮೋಟಾರಿನ ದಕ್ಷತೆ ಶೇ. 92 ಆದರೆ 26.7 ಕಿಲೋವಾಟ್. ಡ್ರೈವ್ ಹಾಕಿದ ಮೇಲೆ ಮೋಟಾರು ಶೇ. 91, ಡ್ರೈವ್ ಶೇ. 97 ಎಂದಿಟ್ಟರೆ 17.4. ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು 55,800 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದರೆ 3.9 ಲಕ್ಷ ರೂಪಾಯಿ. ಹರಿವು ಹೊತ್ತಿಗೊಂದು ಬಗೆಯಲ್ಲಿದ್ದರೆ ಪ್ರತಿ ಹರಿವಿಗೂ ಅದರ ಗಂಟೆಗಳೊಂದಿಗೆ ಇದೇ ಲೆಕ್ಕ ಹಾಕಿ ಕೂಡಿಸಬೇಕು. ಸರಾಸರಿ ಹರಿವೊಂದನ್ನೇ ಹಿಡಿದರೆ ಉತ್ತರ ತಪ್ಪುತ್ತದೆ.

ಈ ಅಂಕಿಗಳನ್ನು ಸ್ಥಳದಲ್ಲೇ ಅಳೆಯಬಹುದು. ಪಂಪ್ ನಿಂತಾಗ ಚೆಕ್ ವಾಲ್ವಿನ ಆಚೆಗಿನ ಗೇಜ್ 2 ಕೆ.ಜಿ. ತೋರಿಸಿದರೆ ಅಲ್ಲಿಂದ ಮೇಲಕ್ಕೆ ಸ್ಟ್ಯಾಟಿಕ್ ಹೆಡ್ ಸುಮಾರು 20 ಮೀಟರ್. ಸಂಪಿನ ನೀರಿನ ಮಟ್ಟ ಗೇಜಿಗಿಂತ ಕೆಳಗಿದ್ದರೆ ಆ ಅಂತರವನ್ನೂ ಕೂಡಿಸಬೇಕು. ಪಂಪ್ ಓಡುವಾಗ ಡೆಲಿವರಿ ವಾಲ್ವಿನ ಹಿಂದೆ ಮುಂದೆ ಇರುವ ಗೇಜುಗಳ ವ್ಯತ್ಯಾಸವೇ ವಾಲ್ವ್ ನುಂಗುವ ಒತ್ತಡ. ನಮ್ಮ ಉದಾಹರಣೆಯಲ್ಲಿ ಅದು 15 ಮೀಟರ್, ಸುಮಾರು 1.5 ಕೆ.ಜಿ. ಈ ವ್ಯತ್ಯಾಸ ಅತ್ಯಲ್ಪವಾಗಿದ್ದರೆ ಡ್ರೈವ್ ಉಳಿಸುವುದೂ ಅತ್ಯಲ್ಪವೇ.

ಇನ್ನೊಂದು ಮಿತಿಯನ್ನು ಮರೆಯಬಾರದು. ಈ ಪಂಪಿನ ವೇಗ ಶೇ. 63ಕ್ಕಿಂತ ಕೆಳಗಿಳಿದರೆ ಅದು 20 ಮೀಟರ್ ಒತ್ತಡವನ್ನೂ ಹುಟ್ಟಿಸಲಾರದು. ಚೆಕ್ ವಾಲ್ವ್ ಮುಚ್ಚಿಕೊಂಡು, ಒಳಗಿನ ನೀರು ಅಲ್ಲೇ ಕಲಕಿ ಬಿಸಿಯಾಗುತ್ತದೆ. ಡ್ರೈವ್‌ನಲ್ಲಿ ಕನಿಷ್ಠ ವೇಗವನ್ನು ಇದಕ್ಕಿಂತ ಸಾಕಷ್ಟು ಮೇಲೆ ಇಡಬೇಕು.

ವರ್ಷವಿಡೀ 140 ಘನಮೀಟರೇ ಬೇಕು, ಏರಿಳಿತವಿಲ್ಲ ಎಂದಾದರೆ ಡ್ರೈವ್ ಬೇಕಾಗಿಯೇ ಇಲ್ಲ. ಇಂಪೆಲರಿನ ಅಂಚನ್ನು ತಯಾರಕರು ಹೇಳಿದ ಮಿತಿಯೊಳಗೆ ಲೇತಿನಲ್ಲಿ ಕತ್ತರಿಸಿ ಕಿರಿದುಗೊಳಿಸಿದರೆ ಹೆಚ್ಚೂಕಡಿಮೆ ಇದೇ ಉಳಿತಾಯ ಬಹಳ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ನೀರಿನ ಬೇಡಿಕೆ ಹೊತ್ತುಹೊತ್ತಿಗೆ ಏರಿಳಿಯುವ ಕಡೆ ಮಾತ್ರ ವಿಎಫ್‌ಡಿ ತನ್ನ ಬೆಲೆಯನ್ನು ದುಡಿದುಕೊಡುತ್ತದೆ.