ಸೊನ್ನೆ ಜಾರಿದರೆ ಮಳೆಯೇ ಬದಲು

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯ ಮಾತು ಇಂದಿಗೂ ಇಂಚು, ಸೆಂಟಿನಲ್ಲೇ ನಡೆಯುತ್ತದೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳತೆಗಾಜಿಗೆ ಸುರಿದು ತೋಟದ ರೈಟರು ಪುಸ್ತಕದಲ್ಲಿ ಬರೆದಿಟ್ಟ ಈ ಅಂಕಿಗಳನ್ನು ಹವಾಮಾನ ಇಲಾಖೆಯ ಲೆಕ್ಕದ ಜೊತೆ ಹೋಲಿಸಬೇಕಾದರೆ ಮಿಲಿಮೀಟರಿಗೆ ತರಲೇಬೇಕು. ಒಂದು ಇಂಚು 25.4 ಮಿ.ಮೀ., ಒಂದು ಸೆಂಟ್ 0.254 ಮಿ.ಮೀ. ಗುಣಾಕಾರವೇನೋ ಸುಲಭ, ಪೇಚು ಇರುವುದು ಬರಹ ಓದುವುದರಲ್ಲಿ.

ಜುಲೈ ಪುಟವೊಂದರಲ್ಲಿ ಐದು ದಿನಗಳ ಮಳೆ ಹೀಗಿದೆ ಎಂದುಕೊಳ್ಳಿ: 1-85, 0-40, 2-5, 3-10, 0-8. ಮೂರನೆಯ ಅಂಕಿಯನ್ನು ಎರಡೂವರೆ ಇಂಚು ಎಂದು ಓದಿದಿರೋ, ಕೆಟ್ಟಿತು. ಅದು ಎರಡು ಇಂಚು ಐದು ಸೆಂಟ್, ಅಂದರೆ 2.05. ಕೊನೆಯದೂ ಅಷ್ಟೆ, 0.08. ಸರಿಯಾಗಿ ಕೂಡಿದರೆ 7.48 ಇಂಚು, 190 ಮಿ.ಮೀ. ತಪ್ಪು ಓದಿದರೆ 8.65 ಇಂಚು, ಸುಮಾರು 220 ಮಿ.ಮೀ. ಐದೇ ದಿನದಲ್ಲಿ ಬಾರದ ಮಳೆ 30 ಮಿ.ಮೀ. ಬಂದುಹೋಯಿತು!

ಇದನ್ನು ಹಿಡಿಯುವ ದಾರಿ ಅದೇ ಪುಟದ ಅಡಿಯಲ್ಲಿರುತ್ತದೆ. ರೈಟರು ಬರೆದ ಮೊತ್ತ 7-48 ಎಂದಿದ್ದರೆ ನಮ್ಮ ಓದು ಸರಿ. ಆದ್ದರಿಂದ ಮೊದಲು ಇಂಚಿನಲ್ಲೇ ಕೂಡಿ, ಮೊತ್ತಕ್ಕೆ ತಾಳೆ ನೋಡಿ, ಆಮೇಲೆ ಮಿ.ಮೀ.ಗೆ ಬದಲಿಸಬೇಕು. ಮೊದಲೇ ಬದಲಿಸಿಬಿಟ್ಟರೆ ತಾಳೆ ನೋಡಲು ಎದುರಿಗೆ ಏನೂ ಉಳಿಯುವುದಿಲ್ಲ.

ಎಕ್ಸೆಲ್‌ನದು ಇನ್ನೊಂದು ಕಾಟ. 2-5 ಎಂದು ಬೆರಳಚ್ಚಿಸಿದರೆ ಅದು ತಾರೀಖಾಗುತ್ತದೆ. 1-85 ಎಂಬ ಮಳೆ `Jan-85` ಆಗಿ ಕೂರುತ್ತದೆ. ಹೋಗಲಿ ಎಂದು 3.10 ಎಂದು ಬರೆದರೆ ಸೊನ್ನೆ ಮಾಯವಾಗಿ 3.1 ಉಳಿಯುತ್ತದೆ. ಮೂಲದಲ್ಲಿ ಇದ್ದದ್ದು ಹತ್ತು ಸೆಂಟೋ ಒಂದೇ ಸೆಂಟೋ ಎಂದು ಆಮೇಲೆ ಯಾರಿಗೂ ಹೇಳಲಾಗದು. ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ ಮಾಡಿಕೊಂಡರೆ ಎರಡೂ ತಂಟೆ ತಪ್ಪುತ್ತದೆ:

```
=A2*25.4+B2*0.254
```

ಉತ್ತರಕ್ಕೆ ದಶಮಾಂಶದ ಒಂದು ಸ್ಥಾನ ಸಾಕು. ಅಳೆದವರೇ ಕಾಲು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ನೋಡಿರಲಿಲ್ಲ. ಹಾಗೆಂದು 25.4ರ ಬದಲು 25 ಹಿಡಿಯುವ ಧಾರಾಳವೂ ಬೇಡ. ವರ್ಷಕ್ಕೆ ನೂರು ಇಂಚು ಸುರಿಯುವ ತೋಟದಲ್ಲಿ 40 ಮಿ.ಮೀ. ಸೋರಿಹೋಗುತ್ತದೆ.

ಮಳೆದಿನಗಳ ಎಣಿಕೆಯೂ ಇದರ ಮೇಲೆಯೇ ನಿಂತಿದೆ. ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆದಿನ. ಹತ್ತು ಸೆಂಟ್ ಎಂದರೆ 2.54, ಆ ಗೆರೆ ದಾಟುತ್ತದೆ, ಒಂಬತ್ತು ದಾಟುವುದಿಲ್ಲ. ನಮ್ಮ ಪುಟದಲ್ಲಿ ಎಂಟು ಸೆಂಟಿನ ದಿನ ಬಿಟ್ಟು ಮಳೆದಿನ ನಾಲ್ಕೇ. ಮಾರ್ಚ್–ಏಪ್ರಿಲ್ ಪುಟಗಳಲ್ಲಿ ಇನ್ನೂ ಎಚ್ಚರ ಬೇಕು: 0-8ನ್ನು ಎಂಬತ್ತು ಸೆಂಟ್ ಎಂದು ಓದಿದರೆ, ನೆಲವೂ ನೆನೆಯದ ಹನಿ ದಾಖಲೆಯಲ್ಲಿ ಕಾಫಿ ಅರಳಿಸುವ ಹೂಮಳೆಯಾಗುತ್ತದೆ.