ವೀಸಾಕ್ಕೆ ಕೊಡುವ ಎನ್‌ಒಸಿ: ಏನು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು

ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಸೇರಿದ ಕೂಡಲೇ ಕೆಲಸದಲ್ಲಿರುವವರು ಎಚ್‌ಆರ್ ವಿಭಾಗಕ್ಕೆ ಹೋಗಿ ಕೇಳುವ ಮಾತು ಒಂದೇ: ‘ಮೇಡಂ, ವೀಸಾಕ್ಕೆ ಒಂದು ಎನ್‌ಒಸಿ ಬೇಕಿತ್ತು.’ ಬಹಳಷ್ಟು ಕಚೇರಿಗಳಲ್ಲಿ ಆಗುವುದೂ ಒಂದೇ. ಹಳೆಯ ಫೈಲ್ ತೆರೆದು, ಹೆಸರು ಬದಲಿಸಿ, ಮೂರು ಸಾಲು ಪ್ರಿಂಟ್ ತೆಗೆದು ಸೀಲು ಹಾಕುತ್ತಾರೆ. ‘ಇವರು ನಮ್ಮ ಸಂಸ್ಥೆಯ ನೌಕರರು. ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಲು ನಮ್ಮ ಅಭ್ಯಂತರವಿಲ್ಲ. ಅವರ ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ.’

ಈ ಪತ್ರವನ್ನು ವೀಸಾ ಅಧಿಕಾರಿಯ ಕುರ್ಚಿಯಲ್ಲಿ ಕೂತು ಓದಿ ನೋಡಿ. ನೌಕರ ರಜೆಯ ಮೇಲೆ ಹೋಗುತ್ತಿದ್ದಾನೋ ಕೆಲಸ ಬಿಟ್ಟು ಹೋಗುತ್ತಿದ್ದಾನೋ ತಿಳಿಯುವುದಿಲ್ಲ. ಎಷ್ಟು ದಿನಕ್ಕೆ ಎಂಬುದಿಲ್ಲ. ಕೊನೆಯ ಶುಭ ಹಾರೈಕೆಯಂತೂ ಬೀಳ್ಕೊಡುಗೆಯ ಧಾಟಿಯಲ್ಲಿದೆ. ಒಳ್ಳೆಯ ಮನಸ್ಸಿನಿಂದ ಬರೆದ ಪತ್ರವೇ ‘ಇವನು ವಾಪಸು ಬರುವವನಲ್ಲ’ ಎಂಬ ಅನುಮಾನಕ್ಕೆ ದಾರಿ ಮಾಡಿಕೊಡುತ್ತದೆ.

ಅಧಿಕಾರಿ ಏನನ್ನು ಹುಡುಕುತ್ತಾರೆ ಎಂಬುದು ಗೊತ್ತಾದರೆ ಪತ್ರ ಬರೆಯುವುದು ಅರ್ಧ ಸಲೀಸು. ಕೆನಡಾವನ್ನೇ ತೆಗೆದುಕೊಳ್ಳೋಣ. ಅಲ್ಲಿನ ವಲಸೆ ನಿಯಮಾವಳಿಯ 216ನೇ ನಿಯಮದ ಪ್ರಕಾರ, ಅನುಮತಿಸಿದ ಅವಧಿ ಮುಗಿದ ಮೇಲೆ ಅರ್ಜಿದಾರ ದೇಶ ಬಿಡುತ್ತಾನೆ ಎಂಬುದು ಅಧಿಕಾರಿಗೆ ಮನದಟ್ಟಾದರೆ ಮಾತ್ರ ಸ್ಟಡಿ ಪರ್ಮಿಟ್. ಉದ್ಯೋಗದಾತರ ಪತ್ರ ಇದಕ್ಕೆ ಎಲ್ಲರಿಗೂ ಕಡ್ಡಾಯವೇನಲ್ಲ. ಆದರೆ ನಿರಾಕರಣೆ ಪತ್ರಗಳಲ್ಲಿ ‘ನಿಮ್ಮ ಸದ್ಯದ ಉದ್ಯೋಗ ಪರಿಸ್ಥಿತಿ’ ಎಂಬುದೂ ಒಂದು ಕಾರಣವಾಗಿ ಬರುವುದುಂಟು. ಓದು ಮುಗಿದ ಮೇಲೆ ಊರಲ್ಲಿ ಈ ವ್ಯಕ್ತಿಗೆ ಒಂದು ಕೆಲಸ ಕಾದಿದೆಯೇ ಎಂಬ ಪ್ರಶ್ನೆಗೆ ಪತ್ರ ಉತ್ತರ ಕೊಡಬೇಕು. ‘ಅಭ್ಯಂತರವಿಲ್ಲ’ ಎಂಬ ಮಾತು ಆ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದ ಒಂದು ಯಂತ್ರಭಾಗ ತಯಾರಿಕಾ ಕಂಪನಿ. ಅಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿರುವ ಒಬ್ಬ ಯುವಕನಿಗೆ ಕೆನಡಾದಲ್ಲಿ ಹದಿನಾರು ತಿಂಗಳ ಸ್ನಾತಕೋತ್ತರ ಕೋರ್ಸ್ ಸಿಕ್ಕಿದೆ, 2026ರ ಸೆಪ್ಟೆಂಬರ್‌ನಿಂದ 2027ರ ಡಿಸೆಂಬರ್‌ವರೆಗೆ. ಕಂಪನಿ ಅವನನ್ನು ಕಳೆದುಕೊಳ್ಳಲು ಸಿದ್ಧವಿಲ್ಲ. ವೇತನರಹಿತ ರಜೆ ಮಂಜೂರು ಮಾಡಿದೆ.

ಹಾಗಾದರೆ ಪತ್ರದ ಜೀವವಿರುವ ವಾಕ್ಯ ಹೀಗಿರಬೇಕು: ‘ಇವರಿಗೆ 2026ರ ಆಗಸ್ಟ್ 17ರಿಂದ 2028ರ ಜನವರಿ 31ರವರೆಗೆ ವೇತನರಹಿತ ರಜೆ ಮಂಜೂರಾಗಿದೆ. 2028ರ ಫೆಬ್ರುವರಿ 1ರಂದು ಇದೇ ಹುದ್ದೆಗೆ ಅಥವಾ ಇದಕ್ಕೆ ಸಮಾನವಾದ ಹುದ್ದೆಗೆ ಹಾಜರಾಗಬೇಕು.’ ಹೊರಡುವ ದಿನ, ಮುಗಿಯುವ ದಿನ, ಮರಳಿ ಹಾಜರಾಗುವ ದಿನ ಮೂರೂ ಇದರಲ್ಲಿವೆ. ಕೋರ್ಸ್‌ನ ಅವಧಿಗಿಂತ ರಜೆ ಸ್ವಲ್ಪ ಹೆಚ್ಚಿದೆ. ಹೋಗಿ ನೆಲೆಯಾಗಲು, ಫಲಿತಾಂಶ ಪಡೆದು ಮರಳಲು ಅಷ್ಟು ಬೇಕು. ‘ಸುಮಾರು ಒಂದೂವರೆ ವರ್ಷ’ ಎಂದು ಬರೆದರೆ ಅದು ಮಂಜೂರಾತಿಯಂತೆ ಕಾಣುವುದಿಲ್ಲ. ‘ರಜೆಯನ್ನು ಪರಿಶೀಲಿಸಲಾಗುವುದು’ ಎಂದು ಬರೆದರೆ ರಜೆ ಸಿಕ್ಕಿಲ್ಲ ಎಂದೇ ಅರ್ಥ.

ಉಳಿದದ್ದು ಗುರುತಿಗೆ ಬೇಕಾದ ವಿವರ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುದ್ದೆ, ಸೇರಿದ ದಿನಾಂಕ, ಸಂಬಳ. ಇವು ಸಾಮಾನ್ಯವೆಂದು ಕಂಡರೂ ಎಡವುವುದು ಇಲ್ಲೇ. ಅಧಿಕಾರಿ ಪತ್ರವನ್ನು ಒಂಟಿಯಾಗಿ ಓದುವುದಿಲ್ಲ. ಅರ್ಜಿ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಪಕ್ಕದಲ್ಲಿಟ್ಟು ಓದುತ್ತಾರೆ.

ಹೆಸರಿನ ಸಮಸ್ಯೆ ನಮ್ಮ ಕಡೆ ವಿಶೇಷ. ಕಂಪನಿಯ ದಾಖಲೆಯಲ್ಲಿ ಊರಿನದ್ದೊಂದು, ತಂದೆಯದ್ದೊಂದು ಇನಿಷಿಯಲ್ ಇಟ್ಟು ಹೆಸರಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್‌ಗಳನ್ನು ಬಿಡಿಸಿ ಸರ್‌ನೇಮ್ ಮಾಡಿರುತ್ತಾರೆ. ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬರೆದು, ‘ನಮ್ಮ ದಾಖಲೆಗಳಲ್ಲಿ ಇವರ ಹೆಸರು ಹೀಗಿದೆ’ ಎಂದು ಒಂದು ಸಾಲು ಸೇರಿಸಿದರೆ ಪೇ ಸ್ಲಿಪ್ ಬೇರೆಯವರದ್ದೆಂಬ ಗೊಂದಲ ಹುಟ್ಟುವುದಿಲ್ಲ.

ಸೇರಿದ ದಿನಾಂಕ ನೋಡಿ. ನಮ್ಮ ಎಂಜಿನಿಯರ್ 2019ರ ಜೂನ್ 10ರಂದು ಟ್ರೈನಿಯಾಗಿ ಸೇರಿದ. ಖಾಯಂ ಆದದ್ದು 2020ರ ಫೆಬ್ರುವರಿಯಲ್ಲಿ. ಅವನ ಪಿಎಫ್ ಪಾಸ್‌ಬುಕ್ ಶುರುವಾಗುವುದೂ ಆಗಲೇ. ಎಚ್‌ಆರ್ ‘2019ರಿಂದ ಖಾಯಂ ನೌಕರ’ ಎಂದು ಬರೆದರೆ, ಅರ್ಜಿಯ ಉದ್ಯೋಗ ವಿವರದಲ್ಲಿ ಅವನು 2020 ಎಂದು ತುಂಬಿದ್ದರೆ, ಎಂಟು ತಿಂಗಳು ಲೆಕ್ಕಕ್ಕೆ ಸಿಗುವುದಿಲ್ಲ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಕಾಗದದ ಮೇಲೆ ಒಂದು ಸುಳ್ಳು ಕಾಣುತ್ತದೆ. ‘ಟ್ರೈನಿಯಾಗಿ ಇಂಥ ದಿನ, ಖಾಯಂ ನೌಕರರಾಗಿ ಇಂಥ ದಿನದಿಂದ’ ಎಂದು ಎರಡನ್ನೂ ಬರೆದರೆ ಮುಗಿಯಿತು.

ಸಂಬಳದ ಸಾಲಿನಲ್ಲಿ ಸಿಟಿಸಿ ಬರೆಯುವ ಚಾಳಿಯನ್ನು ದಯವಿಟ್ಟು ಬಿಡಬೇಕು. ಇವನ ಸಿಟಿಸಿ ವರ್ಷಕ್ಕೆ 9,60,000 ರೂಪಾಯಿ ಅಂದುಕೊಳ್ಳಿ, ಅಂದರೆ ತಿಂಗಳಿಗೆ 80,000. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿ 7,500 ರೂಪಾಯಿ. ಅದು ಅವನ ಕೈಗೆ ಬರುವುದೇ ಇಲ್ಲ. ಉಳಿದ 72,500ರಲ್ಲಿ ಅವನ ಪಾಲಿನ ಪಿಎಫ್ 4,320, ವೃತ್ತಿ ತೆರಿಗೆ 200 ಕಡಿತವಾಗಿ ಬ್ಯಾಂಕಿಗೆ ಬೀಳುವುದು 67,980. ಪತ್ರದಲ್ಲಿ 80,000, ಸ್ಟೇಟ್‌ಮೆಂಟ್‌ನಲ್ಲಿ 67,980. ನಮ್ಮ ಸಿಟಿಸಿ ಪದ್ಧತಿ ತಿಳಿಯದ ಕಣ್ಣಿಗೆ ಇದು ಉಬ್ಬಿಸಿದ ಸಂಬಳ. ‘ಮಾಸಿಕ ಒಟ್ಟು ವೇತನ 72,500, ಕಡಿತಗಳ ನಂತರ 67,980’ ಎಂದು ಪೇ ಸ್ಲಿಪ್‌ನ ಅಂಕಿಗಳನ್ನೇ ಎತ್ತಿ ಬರೆದರೆ ಪತ್ರ ಮತ್ತು ಬ್ಯಾಂಕು ಒಂದೇ ಮಾತಾಡುತ್ತವೆ.

ಖರ್ಚಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಂಪನಿ ಹಣ ಕೊಡುತ್ತಿಲ್ಲವಾದರೆ ‘ಶುಲ್ಕ ಮತ್ತು ಜೀವನ ವೆಚ್ಚ ನೌಕರರದ್ದೇ’ ಎಂದು ಹೇಳಿಬಿಡಬೇಕು. ‘ಸಂಸ್ಥೆಯ ಸಂಪೂರ್ಣ ಬೆಂಬಲವಿದೆ’ ಎಂಬ ಆಡಂಬರದ ಮಾತನ್ನು ಓದಿದ ಅಧಿಕಾರಿ ಆ ಬೆಂಬಲದ ಮೊತ್ತ ಎಲ್ಲಿದೆ ಎಂದು ಹುಡುಕುತ್ತಾರೆ. ನಿಜವಾಗಿ ಕೊಡುತ್ತಿದ್ದರೆ ಎಷ್ಟು, ಯಾವಾಗ, ಯಾರ ಖಾತೆಗೆ ಎಂಬುದು ಪತ್ರದಲ್ಲೇ ಬರಲಿ.

ಇನ್ನು ಬರೆಯಬಾರದ ಮಾತುಗಳು. ಮೊದಲನೆಯದು ‘ಇವರು ಖಂಡಿತ ಭಾರತಕ್ಕೆ ಮರಳುತ್ತಾರೆಂದು ನಾವು ಖಾತರಿ ಕೊಡುತ್ತೇವೆ’. ಇನ್ನೊಬ್ಬರ ಮನಸ್ಸಿನೊಳಗಿನ ಉದ್ದೇಶಕ್ಕೆ ಕಂಪನಿ ಜಾಮೀನು ನಿಲ್ಲಲಾರದು, ಅಧಿಕಾರಿಯೂ ಅದನ್ನು ನಂಬುವುದಿಲ್ಲ. ಕಂಪನಿಗೆ ಗೊತ್ತಿರುವುದು ತನ್ನ ನಿರ್ಧಾರ ಮಾತ್ರ: ರಜೆ ಕೊಟ್ಟಿದ್ದೇವೆ, ಹುದ್ದೆ ಉಳಿಸಿದ್ದೇವೆ. ಮುಂದೆ ಕಾಯಂ ವಾಸಿಯಾಗುವ ಆಸೆ ಇದ್ದ ಮಾತ್ರಕ್ಕೆ ತಾತ್ಕಾಲಿಕ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕೆನಡಾದ ವಲಸೆ ಕಾಯ್ದೆಯ ಕಲಂ 22(2) ಹೇಳುತ್ತದೆ. ಹೀಗಿರುವಾಗ ಎಚ್‌ಆರ್ ಆಣೆ ಪ್ರಮಾಣ ಮಾಡುವ ಅಗತ್ಯವೇ ಇಲ್ಲ. ಆದರೆ ನೌಕರ ತನ್ನ ಉದ್ದೇಶ ಪತ್ರವನ್ನು ಕಂಪನಿಯ ಪತ್ರದ ಪಕ್ಕ ಇಟ್ಟು ಓದಿಕೊಳ್ಳಲೇಬೇಕು. ಇಲ್ಲಿ ಫೆಬ್ರುವರಿ 1ಕ್ಕೆ ಹಾಜರು ಎಂದಿದ್ದು, ಅಲ್ಲಿ ‘ಓದಿನ ನಂತರ ಮೂರು ವರ್ಷ ಕೆನಡಾದಲ್ಲೇ ಅನುಭವ ಪಡೆಯುತ್ತೇನೆ’ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳಾಗುತ್ತದೆ.

ಎರಡನೆಯದು, ಇಲ್ಲದ ಬಡ್ತಿಯ ಭರವಸೆ. ಮರಳಿದ ಮೇಲೆ ಮ್ಯಾನೇಜರ್ ಹುದ್ದೆ, ದುಪ್ಪಟ್ಟು ಸಂಬಳ ಎಂದು ಸ್ನೇಹಕ್ಕೆ ಬರೆದುಕೊಡುವವರಿದ್ದಾರೆ. ಕೋರ್ಸ್‌ಗೂ ಹುದ್ದೆಗೂ ಸಂಬಂಧವಿದ್ದರೆ ಅದನ್ನು ಹೇಳುವುದು ಒಳ್ಳೆಯದೇ. ‘ನಮ್ಮ ತಪಾಸಣೆ ವಿಭಾಗಕ್ಕೆ ಈ ವಿಷಯದ ತಜ್ಞತೆ ಬೇಕಾಗಿದೆ’ ಎಂಬುದು ನಿಜವಾದರೆ ಆ ಒಂದು ವಾಕ್ಯಕ್ಕೆ ತೂಕವಿದೆ. ಆಡಳಿತ ಮಂಡಳಿ ನಿರ್ಧರಿಸದೇ ಇರುವ ಬಡ್ತಿಯನ್ನು ಎಚ್‌ಆರ್ ತನ್ನ ಸಹಿಯಲ್ಲಿ ಕೊಡುವುದು ಬೇರೆ ಮಾತು.

ಬಾಕಿ ಸಾಲ, ಬಾಂಡ್, ನೋಟಿಸ್ ಅವಧಿಯ ತಕರಾರು, ಆರೋಗ್ಯದ ವಿಷಯ, ಆಧಾರ್ ಸಂಖ್ಯೆ ಯಾವುದಕ್ಕೂ ಈ ಪತ್ರದಲ್ಲಿ ಜಾಗವಿಲ್ಲ. ಅವು ಕಂಪನಿ ಮತ್ತು ನೌಕರನ ನಡುವಿನವು. ಹಾಗೆಂದು ಎನ್‌ಒಸಿ ಕೊಟ್ಟರೆ ಬಾಂಡ್ ಮನ್ನಾ ಆಯಿತು ಎಂದು ಯಾರೂ ತಿಳಿಯದಿರಲು, ರಜೆಯ ಷರತ್ತುಗಳನ್ನೆಲ್ಲ ಪ್ರತ್ಯೇಕ ರಜಾ ಆದೇಶದಲ್ಲಿ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳುವುದು ಕ್ಷೇಮ. ‘ವೀಸಾ ನೀಡಬೇಕೆಂದು ಕೋರುತ್ತೇವೆ’ ಎಂಬ ಶಿಫಾರಸೂ ಬೇಡ. ಅದು ಅಧಿಕಾರಿಯ ಕೆಲಸ.

ಸರ್ಕಾರಿ ನೌಕರರು ಇನ್ನೊಂದು ಕಡೆ ತೊಡಕಿಗೆ ಸಿಲುಕುತ್ತಾರೆ. ಪಾಸ್‌ಪೋರ್ಟ್ ಮಾಡಿಸುವಾಗ ಇಲಾಖೆ ಕೊಡುವ ಎನ್‌ಒಸಿಗೆ ‘ಅನುಬಂಧ ಜಿ’ ಎಂಬ ನಿಗದಿತ ನಮೂನೆ ಇದೆ. ಪಾಸ್‌ಪೋರ್ಟ್ ಕಾಯ್ದೆ 1967ರ ಕಲಂ 6(2) ಈ ನೌಕರರಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ದೃಢೀಕರಿಸುತ್ತಾರೆ. ಅದು ಸಿಗದಿದ್ದರೆ ನೌಕರರೇ ಮೇಲಧಿಕಾರಿಗೆ ಮುಂಚಿತವಾಗಿ ತಿಳಿಸುವ ‘ಅನುಬಂಧ ಎಚ್’ ಇದೆ. ಆದರೆ ಇವೆರಡೂ ಪಾಸ್‌ಪೋರ್ಟ್‌ಗೆ ಮಾತ್ರ. ಓದಲು ಹೋಗುವ ಅನುಮತಿಯಾಗಲಿ ರಜೆಯಾಗಲಿ ಅಲ್ಲ. ವೀಸಾ ಕಡತಕ್ಕೆ ಬೇಕಾಗಿರುವುದು ಅಧ್ಯಯನ ರಜೆಯ ಆದೇಶ. ಕೇಂದ್ರ ನೌಕರರಿಗೆ ಸಾಮಾನ್ಯವಾಗಿ ಒಮ್ಮೆಗೆ 12 ತಿಂಗಳು, ಇಡೀ ಸೇವೆಯಲ್ಲಿ 24 ತಿಂಗಳು ಎಂಬ ಮಿತಿ ಇರುವುದರಿಂದ, ಹದಿನಾರು ತಿಂಗಳ ಕೋರ್ಸ್‌ಗೆ ಉಳಿದ ತಿಂಗಳುಗಳನ್ನು ಯಾವ ರಜೆಯಿಂದ ತುಂಬುತ್ತಾರೆ ಎಂಬುದೂ ಆದೇಶದಲ್ಲಿ ಕಾಣಬೇಕು. ಆದೇಶ ಕನ್ನಡದಲ್ಲಿದ್ದರೆ ಕೆನಡಾಕ್ಕೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ, ಅನುವಾದಕರ ಅಫಿಡವಿಟ್, ಮೂಲದ ಪ್ರತಿ ಮೂರನ್ನೂ ಲಗತ್ತಿಸಬೇಕು.

ಪತ್ರ ಹೊರಟ ಮೇಲೂ ಒಂದು ಕೆಲಸ ಉಳಿಯುತ್ತದೆ. ಅದರಲ್ಲಿರುವ ಫೋನ್ ನಂಬರಿಗೆ ಕರೆ ಬರಬಹುದು, ಇಮೇಲ್ ಬರಬಹುದು. ಹಾಗಾಗಿ ಲೆಟರ್‌ಹೆಡ್‌ನಲ್ಲಿ ಕಂಪನಿಯದೇ ವಿಳಾಸದ ಇಮೇಲ್ ಇರಲಿ, ಜಿಮೇಲ್ ಬೇಡ. ಸಹಿ ಮಾಡಿದವರ ಹೆಸರು, ಹುದ್ದೆ, ಪತ್ರದ ಸಂಖ್ಯೆ, ದಿನಾಂಕ ಸ್ಪಷ್ಟವಾಗಿರಲಿ. ಒಂದು ಪ್ರತಿ ನೌಕರನ ಫೈಲ್‌ನಲ್ಲಿ ಇರಲಿ, ಫೋನ್ ಎತ್ತುವವರಿಗೂ ವಿಷಯ ತಿಳಿದಿರಲಿ. ‘ಅಂಥವರು ಯಾರೂ ಇಲ್ಲ, ಕೆಲಸ ಬಿಟ್ಟಿರಬೇಕು’ ಎಂದು ರಿಸೆಪ್ಶನ್‌ನವರು ಉತ್ತರಿಸಿದರೆ ಎಷ್ಟು ಚೆನ್ನಾಗಿ ಬರೆದ ಪತ್ರವೂ ಬಿದ್ದುಹೋಗುತ್ತದೆ.

ಕಂಪನಿಗೆ ಅಷ್ಟು ದೀರ್ಘ ರಜೆ ಕೊಡಲು ಸಾಧ್ಯವೇ ಇಲ್ಲದಿದ್ದರೆ? ರಾಜೀನಾಮೆ ಅಂಗೀಕರಿಸಿ, ಕೊನೆಯ ದಿನ ಗೊತ್ತುಮಾಡಿ, ಅದರ ಜೊತೆಗೇ ‘ರಜೆಯ ಮೇಲಿದ್ದಾರೆ’ ಎಂಬ ಎನ್‌ಒಸಿ ಬರೆದುಕೊಡುವುದು ಕೆಲವು ಕಡೆ ಉಪಕಾರವೆಂದೇ ನಡೆಯುತ್ತದೆ. ಅದು ಪತ್ತೆಯಾದರೆ ಕೆನಡಾದ ಕಾಯ್ದೆಯ 40ನೇ ಕಲಂ ಪ್ರಕಾರ ತಪ್ಪು ಮಾಹಿತಿಗಾಗಿ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ವೀಸಾ ಅರ್ಜಿಯ ವಂಚನೆಗೆ ಹತ್ತು ವರ್ಷ. ಶಿಕ್ಷೆ ಬೀಳುವುದು ಸಹಿ ಹಾಕಿದವರ ಮೇಲಲ್ಲ, ಪತ್ರ ಸಲ್ಲಿಸಿದ ಹುಡುಗನ ಮೇಲೆ. ಇಂಥ ಸಂದರ್ಭದಲ್ಲಿ ಸೇರಿದ ದಿನ, ಕೊನೆಯ ದಿನ, ಹುದ್ದೆ, ಮಾಡಿದ ಕೆಲಸ, ಓದಿಗಾಗಿ ಸ್ವಇಚ್ಛೆಯಿಂದ ಹೊರಟರು ಎಂಬುದಿರುವ ಪ್ರಾಮಾಣಿಕ ಅನುಭವ ಪತ್ರ ಕೊಡಬೇಕು. ಮರಳಿ ಬಂದರೆ ತೆಗೆದುಕೊಳ್ಳಲು ಕಂಪನಿ ನಿಜಕ್ಕೂ ಸಿದ್ಧವಿದ್ದರೆ, ‘ಹುದ್ದೆ ಖಾಲಿ ಇದ್ದಲ್ಲಿ ಇವರ ಅರ್ಜಿಯನ್ನು ಪರಿಗಣಿಸುತ್ತೇವೆ’ ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸಬಹುದು. ಊರಿನ ನಂಟಿಗೆ ಬೇರೆ ಪುರಾವೆಗಳನ್ನು ಅರ್ಜಿದಾರ ತನ್ನ ಮನೆಯ ಕಡೆಯಿಂದ ಒದಗಿಸಿಕೊಳ್ಳಬೇಕು.